ವಾಯೇಜರ್‌ಗೆ ಪ್ಲುಟೋನಿಯಂ ಏಕೆ ಬೇಕಾಯಿತು?

ನಾಸಾ 1977ರಲ್ಲಿ ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲಿ ಸೌರಫಲಕಗಳಿಲ್ಲ. ನಮಗೆ ಸಿಗುವ ಬಿಸಿಲಿನಲ್ಲಿ ಗುರುಗ್ರಹಕ್ಕೆ ತಲುಪುವುದು 27ರಲ್ಲಿ ಒಂದು ಪಾಲು. ನೆಪ್ಚೂನ್‌ಗೆ 900ರಲ್ಲಿ ಒಂದು. ಆದ್ದರಿಂದ ಪ್ರತಿ ನೌಕೆಯೂ ಪ್ಲುಟೋನಿಯಂ-238 ತುಂಬಿದ ಮೂರು ವಿದ್ಯುತ್ ಜನಕಗಳನ್ನು ಹೊತ್ತುಕೊಂಡು ಹೋಯಿತು. ಈ ಲೋಹದ ಪರಮಾಣುಗಳು ತಾವಾಗಿಯೇ ಒಡೆಯುತ್ತ ಬಿಸಿ ಕೊಡುತ್ತವೆ. ಒಂದು ತುದಿಗೆ ಆ ಬಿಸಿ, ಇನ್ನೊಂದು ತುದಿಗೆ ಬಾಹ್ಯಾಕಾಶದ ಚಳಿ ತಗುಲುವಂತೆ ಸಿಲಿಕಾನ್-ಜರ್ಮೇನಿಯಂ ತುಂಡುಗಳನ್ನು ಜೋಡಿಸಿದರೆ ವಿದ್ಯುತ್ ಹರಿಯುತ್ತದೆ. ತಿರುಗುವ ಭಾಗ ಒಂದೂ ಇಲ್ಲ. ಹೊರಟಾಗ ಸುಮಾರು 7,200 ವ್ಯಾಟ್ ಶಾಖದಿಂದ ಸಿಗುತ್ತಿದ್ದದ್ದು 470 ವ್ಯಾಟ್ ವಿದ್ಯುತ್.

ವಿಕಿರಣ ಸೂಸುವ ಧಾತುಗಳು ಬೇಕಾದಷ್ಟಿವೆ. ಆದರೆ ಆಲ್ಫಾ ಕಣ ಭಾರವಾದದ್ದು. ಹುಟ್ಟಿದ ಇಂಧನದೊಳಗೇ ಬಹುತೇಕ ನಿಂತು ತನ್ನ ಶಕ್ತಿಯನ್ನೆಲ್ಲ ಅಲ್ಲೇ ಬಿಸಿಯಾಗಿ ಬಿಟ್ಟುಕೊಡುತ್ತದೆ. ಗಾಮಾ ಕಿರಣ ಹೆಚ್ಚಾಗಿ ಸೂಸುವ ಧಾತುವಾದರೆ ಉಪಕರಣಗಳನ್ನು ಕಾಪಾಡಲು ಸೀಸದ ಗೋಡೆ ಬೇಕು. ಆ ತೂಕವನ್ನು ರಾಕೆಟ್ ಹೊರಲಾರದು.

ಆಲ್ಫಾ ಸೂಸುವವುಗಳಲ್ಲೂ ಆಯ್ಕೆ ಸುಲಭವಲ್ಲ. ಒಂದು ಪರಮಾಣು ಒಡೆದಾಗ ಬರುವ ಶಕ್ತಿ ಇವೆಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಗ್ರಾಂಗೆ ಹೆಚ್ಚು ಬಿಸಿ ಬೇಕೆಂದರೆ ಪರಮಾಣುಗಳು ಬೇಗಬೇಗ ಒಡೆಯಬೇಕು. ಬೇಗ ಒಡೆದರೆ ಇಂಧನವೂ ಬೇಗ ಬರಿದಾಗುತ್ತದೆ. ಎರಡೂ ಹೆಚ್ಚಾಗಿರುವ ಧಾತು ಇರಲು ಸಾಧ್ಯವೇ ಇಲ್ಲ. ಪ್ರಯಾಣ ಎಷ್ಟು ವರ್ಷದ್ದು ಎಂಬುದೇ ಆಯ್ಕೆಯನ್ನು ತೀರ್ಮಾನಿಸುತ್ತದೆ.

ಪೊಲೋನಿಯಂ-210ನ್ನು ನೋಡಿ. ಗ್ರಾಂಗೆ ಸುಮಾರು 140 ವ್ಯಾಟ್, ಅಂದರೆ ವಾಯೇಜರ್‌ಗೆ ಬರೀ 50 ಗ್ರಾಂ ಸಾಕಿತ್ತು. ಆದರೆ ಅದರ ಅರ್ಧಾಯು 138 ದಿನ, ಅಷ್ಟರಲ್ಲಿ ಅರ್ಧದಷ್ಟು ಮುಗಿದುಹೋಗುತ್ತದೆ. ವಾಯೇಜರ್-1 ಗುರುವನ್ನು ತಲುಪಲು ಹಿಡಿದದ್ದು ಒಂದೂವರೆ ವರ್ಷ. ಆ ಹೊತ್ತಿಗೆ ಉಳಿಯುತ್ತಿದ್ದದ್ದು ಹದಿನಾರರಲ್ಲಿ ಒಂದು ಪಾಲು. ಅಮೆರಿಸಿಯಂ-241ರ ಅರ್ಧಾಯು 432 ವರ್ಷವಾದರೂ ಗ್ರಾಂಗೆ ಸಿಗುವುದು 0.11 ವ್ಯಾಟ್ ಮಾತ್ರ. ಅದನ್ನೇ ಬಳಸಿದ್ದರೆ 60 ಕೆಜಿಗೂ ಹೆಚ್ಚು ಬೇಕಾಗುತ್ತಿತ್ತು. 87.7 ವರ್ಷದ ಅರ್ಧಾಯು ಮತ್ತು ಗ್ರಾಂಗೆ 0.57 ವ್ಯಾಟ್ ಇರುವ ಪ್ಲುಟೋನಿಯಂ-238 ಆದರೆ ಸುಮಾರು 13 ಕೆಜಿಯಲ್ಲಿ ಕೆಲಸ ಮುಗಿಯುತ್ತದೆ.

ಆದರೂ ವಿದ್ಯುತ್ ಈ ಲೆಕ್ಕಕ್ಕಿಂತ ಬೇಗ ಕುಸಿಯಿತು. 2011ರಲ್ಲಿ, ಅಂದರೆ 34 ವರ್ಷಗಳ ನಂತರ, ಅರ್ಧಾಯುವಿನ ಲೆಕ್ಕದಂತೆ ಸುಮಾರು 360 ವ್ಯಾಟ್ ಇರಬೇಕಿತ್ತು. ವಾಯೇಜರ್-1ರಲ್ಲಿ ಇದ್ದದ್ದು 268. ಮಿಕ್ಕ 90 ವ್ಯಾಟ್ ಹೋದದ್ದು, ಬಿಸಿಯಲ್ಲಿ ವರ್ಷಗಟ್ಟಲೆ ಇದ್ದು ಸವೆದ ಆ ಸಿಲಿಕಾನ್-ಜರ್ಮೇನಿಯಂ ತುಂಡುಗಳಿಂದ ಮತ್ತು ಶಾಖ ತಗ್ಗಿದಂತೆ ಅವುಗಳ ಸಾಮರ್ಥ್ಯವೂ ತಗ್ಗಿದ್ದರಿಂದ. ಯುರೋಪಿನವರು ಈಗ ಅಮೆರಿಸಿಯಂ ಜನಕಗಳನ್ನು ರೂಪಿಸುತ್ತಿದ್ದಾರೆ. ಆದರೆ ಇಂಧನ ಎಷ್ಟು ಶತಮಾನ ಬಾಳಿದರೂ, ಅದರ ಬಿಸಿಯನ್ನು ವಿದ್ಯುತ್ತಾಗಿಸುವ ತುಂಡುಗಳೂ ಅಷ್ಟು ಬಾಳದಿದ್ದರೆ ನೌಕೆಗೆ ಅದರಿಂದ ಪೂರ್ತಿ ಲಾಭವಿಲ್ಲ.