72 ಗಂಟೆಯ ವಾಕ್ಯ

ಎಂ.ಎಸ್ಸಿ. ನರ್ಸಿಂಗ್ ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧದ ಎರಡನೇ ಅಧ್ಯಾಯ ಹಿಡಿದು ನನ್ನ ಮೇಜಿನ ಮುಂದೆ ಕೂತಿದ್ದಳು. ಡ್ರಿಪ್ ಹಾಕಲು ಕೈಗೆ ಚುಚ್ಚುವ ಕ್ಯಾನುಲದಿಂದ ರಕ್ತನಾಳ ಬಾತುಕೊಳ್ಳುವುದು, ಅಂದರೆ ಫ್ಲೆಬೈಟಿಸ್, ಅವಳ ವಿಷಯ. ಒಂದು ವಾಕ್ಯದ ಹತ್ತಿರ ನನ್ನ ಪೆನ್ನು ನಿಂತಿತು: ವಯಸ್ಕರ ಕ್ಯಾನುಲವನ್ನು ಪ್ರತಿ 72ರಿಂದ 96 ಗಂಟೆಗೊಮ್ಮೆ ಬದಲಿಸಬೇಕೆಂದು ಅಮೆರಿಕದ ಸಿಡಿಸಿ ಹೇಳಿದೆ. ಕೊನೆಯಲ್ಲಿ 14 ಎಂಬ ಉಲ್ಲೇಖ ಸಂಖ್ಯೆ.

“ಮಾರ್ಗಸೂಚಿ ತೆಗೆದು ನೋಡಿದ್ಯಾ?”

“ಇಲ್ಲ ಮೇಡಂ, ಟೆಕ್ಸ್ಟ್‌ಬುಕ್ಕಲ್ಲಿ ಹಾಗೇ ಇತ್ತು.”

ಇಬ್ಬರೂ ತೆರೆದು ನೋಡಿದೆವು. ಸಿಡಿಸಿಯ 2011ರ ಮಾರ್ಗಸೂಚಿ ಹೇಳುವುದೇ ಬೇರೆ. ವಯಸ್ಕರಲ್ಲಿ ಸೋಂಕು, ಫ್ಲೆಬೈಟಿಸ್ ತಡೆಯಲೆಂದು 72ರಿಂದ 96 ಗಂಟೆಗಿಂತ ಬೇಗ ಬೇಗ ಕ್ಯಾನುಲ ಬದಲಿಸುವ ಅಗತ್ಯವಿಲ್ಲ ಎಂಬುದು ಅದರ ಮಾತು. ಲಕ್ಷಣ ಕಂಡಾಗ ಮಾತ್ರ ಬದಲಿಸಿದರೆ ಸಾಕೇ ಎಂಬುದಕ್ಕೆ ಅದು ವಯಸ್ಕರ ಮಟ್ಟಿಗೆ ಯಾವ ಶಿಫಾರಸನ್ನೂ ಕೊಡದೆ, ಬಗೆಹರಿಯದ ಪ್ರಶ್ನೆ ಎಂದು ಬಿಟ್ಟಿದೆ. ಮಕ್ಕಳಲ್ಲಿ ಮಾತ್ರ ಅಗತ್ಯ ಬಿದ್ದಾಗಲೇ ಬದಲಿಸಿ ಎನ್ನುತ್ತದೆ. ‘ಅದಕ್ಕಿಂತ ಮೊದಲು ಬೇಡ’ ಎಂಬುದು ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತಾ ‘ಆ ಹೊತ್ತಿಗೆ ಬದಲಿಸಲೇಬೇಕು’ ಎಂದಾಗಿತ್ತು. ವಾರ್ಡಿನಲ್ಲಿ ಇದರ ಅರ್ಥ ಏನೆಂದರೆ, ನಾಲ್ಕನೇ ದಿನ ಕ್ಯಾನುಲ ಚೆನ್ನಾಗಿಯೇ ನಡೆಯುತ್ತಿರುವ ರೋಗಿಗೂ ಇನ್ನೊಂದು ಸೂಜಿ.

ಅವಳು ಮಾಡಿದ್ದು ಒಂದಲ್ಲ, ಎರಡು ತಪ್ಪು. ಓದಿದ್ದು ಪಠ್ಯಪುಸ್ತಕ, ಉಲ್ಲೇಖಿಸಿದ್ದು ಮಾರ್ಗಸೂಚಿ. ಯಾವುದನ್ನು ಕಣ್ಣಾರೆ ಓದಿದ್ದೇವೋ ಅದನ್ನೇ ಉಲ್ಲೇಖಿಸಬೇಕು. ಮೂಲ ಸಿಗದೇ ಹೋದರೆ, ಇಂಥ ಪುಸ್ತಕದಲ್ಲಿ ಹೀಗೆ ಹೇಳಲಾಗಿದೆ ಎಂದು ಬರೆದು ಪುಸ್ತಕದ ಸಂಖ್ಯೆಯನ್ನೇ ಕೊಡಬೇಕು. ಆದರೆ ಸಿಡಿಸಿಯಂಥ ಸಂಸ್ಥೆಯ ಮಾರ್ಗಸೂಚಿ ಜಾಲತಾಣದಲ್ಲಿ ಪುಕ್ಕಟೆ ಸಿಗುವಾಗ ‘ಸಿಗಲಿಲ್ಲ’ ಎಂಬ ನೆಪವನ್ನು ನಾನಂತೂ ಒಪ್ಪುವುದಿಲ್ಲ.

ಎರಡನೆಯದು ಭಾಷೆಗೆ ಸೇರಿದ್ದು. ಪುಸ್ತಕದ ವಾಕ್ಯವನ್ನು ಎದುರಿಗಿಟ್ಟುಕೊಂಡು, ಒಂದೊಂದು ಪದಕ್ಕೂ ಸಮಾನಾರ್ಥಕ ಹುಡುಕಿ ಕೂರಿಸಿದ್ದಳು. ವಾಕ್ಯದ ಎಲುಬು ಹಾಗೇ ಇದ್ದು ಬಟ್ಟೆ ಮಾತ್ರ ಬದಲಾದರೆ, ಕೊನೆಯಲ್ಲಿ ಸಂಖ್ಯೆ ಇದ್ದರೂ ಅದು ನಕಲೇ. ಹೀಗೆ ಪದ ಬದಲಿಸುವ ಭರದಲ್ಲಿ ಫ್ಲೆಬೈಟಿಸ್‌ನಂಥ ಪಾರಿಭಾಷಿಕ ಪದವನ್ನೂ ಬದಲಿಸುವವರಿದ್ದಾರೆ, ಅದು ಬೇಕಿಲ್ಲ. ಅದು ಯಾರ ಸ್ವತ್ತೂ ಅಲ್ಲ. ಮುಟ್ಟಲೇಬಾರದ ಇನ್ನೊಂದು ಸಂಗತಿ ‘ಮಾಡಬೇಕು’, ‘ಮಾಡಬಹುದು’, ‘ಅಗತ್ಯವಿಲ್ಲ’ಗಳ ತೂಕ. ಮಾರ್ಗಸೂಚಿ ಬರೆಯುವವರು ಇವುಗಳನ್ನು ಅಳೆದು ಸುರಿದಿರುತ್ತಾರೆ.

ನಾನು ಮಾಡಿಸುವುದು ಇಷ್ಟು: ಇಂಗ್ಲಿಷಿನ ಮೂಲ ಎರಡು ಸಲ ಓದು, ಪುಟ ಮುಚ್ಚು, ಪಕ್ಕದ ಗೆಳತಿಗೆ ಕನ್ನಡದಲ್ಲಿ ಹೇಳು. ಅವಳಿಗೆ ಅರ್ಥವಾದರೆ ಮಾತ್ರ ಇಂಗ್ಲಿಷಿನಲ್ಲಿ ಬರೆ, ಆಮೇಲೆ ಮೂಲ ತೆರೆದು ಅಂಕಿ, ಯಾರಿಗೆ, ಯಾವಾಗ, ಎಷ್ಟು ಬಲವಾಗಿ ಎಂಬುದನ್ನು ತಾಳೆ ನೋಡು. ಎರಡು ಭಾಷೆಯ ನಡುವೆ ಓಡಾಡಿದ ವಾಕ್ಯ ಮೂಲದ ಆಕಾರದಲ್ಲಿ ಉಳಿಯುವುದು ಕಡಿಮೆ. ಈ ವಿಚಾರದಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಬರುವುದೇ ಒಂದು ಅನುಕೂಲ. ಗೆಳತಿ ಇವಳನ್ನು ಕೇಳಿದ್ದು ಒಂದೇ ಪ್ರಶ್ನೆ: “ಹಾಗಾದ್ರೆ ಐದನೇ ದಿನ ತೆಗೀಬೇಕಾ ಬೇಡ್ವಾ?” ಅದಕ್ಕೆ ಉತ್ತರ ಹುಡುಕುತ್ತಾ ಹೋದಾಗ 2012ರ ‘ಲ್ಯಾನ್ಸೆಟ್’ ಲೇಖನ ಸಿಕ್ಕಿತು. ಆಸ್ಟ್ರೇಲಿಯಾದ ಕ್ಲೇರ್ ರಿಕರ್ಡ್ ತಂಡ 3283 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದರಲ್ಲಿ ದಿನ ಲೆಕ್ಕ ಹಾಕಿ, ಇನ್ನೊಂದರಲ್ಲಿ ಅಗತ್ಯ ಕಂಡಾಗ ಮಾತ್ರ ಕ್ಯಾನುಲ ಬದಲಿಸಿತ್ತು. ಫ್ಲೆಬೈಟಿಸ್ ಎರಡರಲ್ಲೂ ನೂರಕ್ಕೆ 7.

ಅವಳ ಹೊಸ ಸಾಲುಗಳ ಸಾರ ಹೀಗಿತ್ತು: 72–96 ಗಂಟೆಗಿಂತ ಬೇಗ ಬದಲಿಸುವ ಅಗತ್ಯವನ್ನು ಸಿಡಿಸಿ ಕಾಣಲಿಲ್ಲ, ಲಕ್ಷಣ ಕಂಡಾಗ ಮಾತ್ರ ಬದಲಿಸುವ ಪ್ರಶ್ನೆಯನ್ನು ವಯಸ್ಕರ ವಿಷಯದಲ್ಲಿ ತೆರೆದೇ ಇಟ್ಟಿತು (14). ಮರುವರ್ಷದ ದೊಡ್ಡ ಪ್ರಯೋಗವೊಂದರಲ್ಲಿ ಎರಡು ಕ್ರಮಗಳ ನಡುವೆ ಫ್ಲೆಬೈಟಿಸ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ (15). ಎರಡು ಮಾತಿಗೆ ಎರಡು ಸಂಖ್ಯೆ. ಪ್ಯಾರಾ ಮುಗಿದ ಮೇಲೆ ಒಟ್ಟಿಗೆ ಒಂದು ಸಂಖ್ಯೆ ಹಾಕಿದ್ದರೆ ಯಾವ ಮಾತು ಯಾರದೆಂದು ತಿಳಿಯುತ್ತಿರಲಿಲ್ಲ.

“ಸಾಫ್ಟ್‌ವೇರಲ್ಲಿ ಹತ್ತು ಪರ್ಸೆಂಟ್ ಒಳಗೆ ಬಂದ್ರೆ ಸಾಕಲ್ವಾ ಮೇಡಂ?” ಎಂದೂ ಕೇಳಿದಳು. ಯುಜಿಸಿಯ 2018ರ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, 10ರಿಂದ 40ರವರೆಗೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, ನಿಜ. ಆದರೆ ಅವಳ ಮೊದಲ ವಾಕ್ಯ ಆ ಪರೀಕ್ಷೆಯಲ್ಲಿ ಪಾಸಾಗುತ್ತಿತ್ತು! ಪದಗಳು ಬೇರೆ ಇದ್ದವಲ್ಲ. ತಂತ್ರಾಂಶ ಅಕ್ಷರ ಹೋಲಿಸುತ್ತದೆ, ಅರ್ಥ ತಿರುಚಿದ್ದನ್ನು ಹಿಡಿಯುವುದಿಲ್ಲ.

ಉಳಿದದ್ದು ಕೈಕೆಲಸ. ವ್ಯಾಂಕೋವರ್ ಪದ್ಧತಿಯಲ್ಲಿ ಉಲ್ಲೇಖಗಳಿಗೆ ಬಂದ ಕ್ರಮದಲ್ಲಿ ಸಂಖ್ಯೆ. ಹೊಸ 15 ನುಗ್ಗಿದ್ದರಿಂದ ಹಳೆಯ 15 ಹದಿನಾರಾಯಿತು, ಹಿಂದಿನವೆಲ್ಲ ಒಂದೊಂದು ಹೆಜ್ಜೆ ಸರಿದವು. ಜೊಟೆರೊ ಬಳಸಿದ್ದರೆ ತಾನೇ ಸರಿಹೊಂದಿಕೊಳ್ಳುತ್ತಿತ್ತು. ಅವಳು ಎಲ್ಲವನ್ನೂ ಕೈಯಲ್ಲೇ ಟೈಪ್ ಮಾಡಿದ್ದಳು. ಆ ಸಂಜೆ ಗ್ರಂಥಾಲಯ ಮುಚ್ಚುವ ಹೊತ್ತಿಗೆ ಹೋದಾಗ, ಪೆನ್ಸಿಲ್ ಹಿಡಿದು 37ನ್ನು 38 ಮಾಡುತ್ತಾ ಕೂತಿದ್ದಳು.