ಕುಂತಿ ಹೋದ ಮೇಲೆ: ಕರ್ಣನ ಸ್ವಗತ ಬರೆಯುವ ಬಗೆ

ಕಿರುಚಿತ್ರಕ್ಕಾಗಿ ಕರ್ಣನ ಸ್ವಗತ ಬರೆಯುವವರು ಸಾಮಾನ್ಯವಾಗಿ ಆತನ ಇಡೀ ಬದುಕನ್ನೇ ಹೇಳಿಸಲು ಹೊರಡುತ್ತಾರೆ. ತೇಲಿಬಿಟ್ಟ ಪೆಟ್ಟಿಗೆ, ಪರಶುರಾಮನ ಶಾಪ, ಅಂಗರಾಜ್ಯದ ಪಟ್ಟ ಎಲ್ಲವೂ ನೋಡುಗರಿಗೆ ಗೊತ್ತಿರುವುದರಿಂದ ಮಾತು ಬರೀ ಕಥಾಸಾರವಾಗಿಬಿಡುತ್ತದೆ. ಸ್ವಗತಕ್ಕೆ ಒಂದೇ ಒಂದು ಗಳಿಗೆ ಸಾಕು.

ಹಲವರು ಆರಿಸುವುದು ಕೃಷ್ಣ ಜನ್ಮರಹಸ್ಯ ತಿಳಿಸುವ ಗಳಿಗೆಯನ್ನು. ಆದರೆ ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಕರ್ಣನ ಉತ್ತರ ಅಲ್ಲಿ ಸಿದ್ಧವಾಗಿಯೇ ಇದೆ: ಸಾಕಿದವರು ರಾಧೆ, ಅಧಿರಥ, ದುರ್ಯೋಧನನ ಅನ್ನದ ಋಣವನ್ನು ಮರೆಯುವಂತಿಲ್ಲ. ಅದು ವಾದ. ನಮ್ಮ ತಾಳಮದ್ದಳೆಯ ‘ಕರ್ಣಭೇದನ’ ಪ್ರಸಂಗಕ್ಕೆ ಅದು ಒಗ್ಗುತ್ತದೆ, ಏಕೆಂದರೆ ಅಲ್ಲಿ ಎದುರು ಅರ್ಥಧಾರಿ ಇರುತ್ತಾನೆ.

ನಿಜವಾದ ಬಿರುಕು ಕಾಣುವುದು ಆ ಬಳಿಕ. ಗಂಗೆಯ ದಡದಲ್ಲಿ ಕರ್ಣ ಸೂರ್ಯನಿಗೆ ಕೈಮುಗಿದು ನಿಂತಿರುವಾಗ ಕುಂತಿ ಬರುತ್ತಾಳೆ. ಆತನ ಜಪ ಮುಗಿಯುವವರೆಗೂ ಅವನ ಉತ್ತರೀಯದ ನೆರಳಿನಲ್ಲಿ ಬಿಸಿಲಿಗೆ ಬಾಡುತ್ತ ನಿಲ್ಲುತ್ತಾಳೆ. ಪಕ್ಷ ಬದಲಿಸಲು ಕರ್ಣ ಒಪ್ಪುವುದಿಲ್ಲ. ಆದರೂ ಅರ್ಜುನನನ್ನುಳಿದು ನಾಲ್ವರನ್ನು ಕೊಲ್ಲುವುದಿಲ್ಲ ಎಂದು ಮಾತು ಕೊಡುತ್ತಾನೆ. ಹೆತ್ತವಳಿಗೆ ಮಗನ ಕರ್ತವ್ಯವೇನೋ ಸಂದಿತು. ಆದರೆ ಒಡೆಯನನ್ನು ಕೇಳದೆ ಅವನ ಹಗೆಗಳ ಪ್ರಾಣ ಉಳಿಸಿದಂತೆಯೂ ಆಯಿತು. ಬರೆಯಬೇಕಾದದ್ದು ಕುಂತಿ ಹೋದ ಮೇಲಿನ ಆ ಎರಡು ಮೂರು ನಿಮಿಷಗಳನ್ನು.

ಮಾತು ಯಾರಿಗೆ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಇಲ್ಲಿ ಅದು ಎದುರಿಗಿಲ್ಲದ ದುರ್ಯೋಧನನಿಗೆ:

“ದೊರೆಯೇ, ನಿನ್ನನ್ನು ಕೇಳದೆ ನಿನ್ನ ಯುದ್ಧದಿಂದ ನಾಲ್ಕು ತಲೆ ದಾನ ಕೊಟ್ಟೆ. ಕೇಳಿದ್ದರೆ ಏನೆನ್ನುತ್ತಿದ್ದೆ? ನಕ್ಕು, ಕೊಡು ಎನ್ನುತ್ತಿದ್ದೆ. ಅದಕ್ಕೇ ಕೇಳಲಿಲ್ಲ. (ತಡೆದು) ಇಲ್ಲ, ಸುಳ್ಳು. ಅವರು ಯಾರೆಂದು ಹೇಳಬೇಕಾಗುತ್ತಿತ್ತು, ಅದಕ್ಕೇ ಕೇಳಲಿಲ್ಲ.”

ಸ್ವಗತದ ತಿರುವು ಆ ‘ಇಲ್ಲ, ಸುಳ್ಳು’ ಎಂಬಲ್ಲಿದೆ. ಪಾತ್ರ ತನಗೆ ತಾನೇ ಕೊಟ್ಟುಕೊಂಡ ಸಮಾಧಾನ ಅಲ್ಲಿ ಮುರಿಯುತ್ತದೆ. ಇಂಥದೊಂದು ಮುರಿತ ಇಲ್ಲದಿದ್ದರೆ ನಿಷ್ಠೆಗೆ ನಾಲ್ಕು ಸಾಲು, ಕರ್ತವ್ಯಕ್ಕೆ ನಾಲ್ಕು ಸಾಲು ಎಂದು ತೂಗಿಟ್ಟ ಚರ್ಚಾಸ್ಪರ್ಧೆಯ ಭಾಷಣ ಉಳಿಯುತ್ತದೆ. ಇದನ್ನು ಪತ್ತೆಹಚ್ಚುವುದು ಸುಲಭ: ಸಾಲುಗಳನ್ನು ಭೀಷ್ಮನ ಬಾಯಲ್ಲಿಟ್ಟು ಓದಬೇಕು. ಅವನಿಗೂ ಹೊಂದಿದರೆ ಅವು ಕರ್ಣನವಲ್ಲ. ‘ಧರ್ಮ’, ‘ಋಣ’, ‘ವಿಧಿ’ ಎಂಬ ದೊಡ್ಡ ಮಾತುಗಳು ಹೆಚ್ಚಿದಷ್ಟೂ ಈ ತೊಂದರೆ ಹೆಚ್ಚುತ್ತದೆ.

ಬಿಸಿಲಿಗೆ ಕಾದ ಬೆನ್ನು, ಕುಂತಿ ನೆರಳು ಪಡೆದ ಉತ್ತರೀಯ ಇವುಗಳನ್ನು ಕ್ಯಾಮೆರಾ ತೋರಿಸಬಲ್ಲದು. ಮಾತಿನಲ್ಲಿ ಮತ್ತೆ ಹೇಳಿಸಬೇಕಾಗಿಲ್ಲ. ಕೊನೆಯಲ್ಲಿ ಕರ್ಣ ಎಲ್ಲವನ್ನೂ ದುರ್ಯೋಧನನಿಗೆ ಹೇಳಿಬಿಡಲು ಹೊರಡುವಂತೆ ಬರೆಯುವ ಆಸೆ ಹುಟ್ಟಬಹುದು. ಮೂಲದ ಕರ್ಣ ಹಾಗೆ ಮಾಡುವುದಿಲ್ಲ. ಯುದ್ಧದಲ್ಲಿ ಭೀಮ ಕೈಗೆ ಸಿಕ್ಕಾಗ ಬಿಲ್ಲಿನ ತುದಿಯಿಂದ ಮುಟ್ಟಿ, ಹಂಗಿಸಿ, ಬಿಟ್ಟುಬಿಡುತ್ತಾನೆ; ಕಾರಣವನ್ನು ಮಾತ್ರ ಒಡೆಯನಿಗೆ ಹೇಳುವುದಿಲ್ಲ.