ಹಿಟ್ಟು ಕಾಯುವ ಹೊತ್ತು

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಹಾಸನದ ಕಡೆಯವರೊಬ್ಬರ ಬೇಕರಿ ಇದೆ. ಅಲ್ಲಿ ಬೆಳಗಿನ ಜಾವ 4ಕ್ಕೆ ಕಲಸಿದ ಹಿಟ್ಟು ಬ್ರೆಡ್ಡಾಗಿ ಸುತ್ತಲಿನ ಅಂಗಡಿಗಳಿಗೆ ಹೊರಡುವುದು ಮರುದಿನ ಬೆಳಿಗ್ಗೆ 6ಕ್ಕೆ. ಅಂದರೆ 26 ಗಂಟೆ. ಇಷ್ಟು ಹೊತ್ತು ಆ ಬ್ರೆಡ್ಡಿಗೆ ಏನಾಗುತ್ತಿರುತ್ತದೆ ಎಂದು ನೋಡಲು ನಾನು ಒಂದು ದಿನ ಪೆನ್ಸಿಲ್ಲು, ಕಾಗದ, ಗಡಿಯಾರ ಹಿಡಿದು ಭಟ್ಟಿಮನೆಯಲ್ಲಿ ನಿಂತೆ.

ನಾನು ಬರೆಯಹೊರಟಿದ್ದ ಚಿತ್ರಕ್ಕೆ ಕಾರ್ಖಾನೆಗಳಲ್ಲಿ ವ್ಯಾಲ್ಯೂ ಸ್ಟ್ರೀಮ್ ಮ್ಯಾಪ್ ಎನ್ನುತ್ತಾರೆ. ಕಚ್ಚಾ ಸರಕು ಒಳಗೆ ಬಂದಲ್ಲಿಂದ ಗಿರಾಕಿಯ ಕೈ ಸೇರುವವರೆಗಿನ ದಾರಿಯನ್ನು ಒಂದೇ ಹಾಳೆಯಲ್ಲಿ ತೋರಿಸುವ ನಕ್ಷೆ ಅದು. ಟೊಯೊಟಾ ಕಂಪನಿಯವರು ಬಳಸುತ್ತಿದ್ದ ಈ ಕ್ರಮವನ್ನು ಮೈಕ್ ರೋದರ್ ಮತ್ತು ಜಾನ್ ಶೂಕ್ 1998ರಲ್ಲಿ ಒಂದು ಕೈಪಿಡಿಯಾಗಿ ಬರೆದರು. ಅಲ್ಲಿಂದ ಇದು ಹೊರಗಿನವರಿಗೂ ಪರಿಚಯವಾಯಿತು. ಬರೆಯುವುದು ಸುಲಭ. ಪ್ರತಿ ಕೆಲಸಕ್ಕೆ ಒಂದು ಚೌಕ, ಎರಡು ಕೆಲಸಗಳ ನಡುವೆ ಸರಕು ಬಿದ್ದಿರುವ ಕಡೆ ಒಂದು ತ್ರಿಕೋನ, ಕೆಳಗೆ ಮೆಟ್ಟಿಲಿನಂತೆ ಹತ್ತಿ ಇಳಿಯುವ ಒಂದು ಗೆರೆ. ಮೇಲಿನ ಮೆಟ್ಟಿಲಲ್ಲಿ ಕಾದ ಹೊತ್ತು, ಕೆಳಗಿನ ಮೆಟ್ಟಿಲಲ್ಲಿ ಕೆಲಸದ ಹೊತ್ತು.

ಒಂದು ಎಚ್ಚರಿಕೆ ಬೇಕು. "ಉಂಡೆ ಮಾಡೋಕೆ ಎಷ್ಟು ಹೊತ್ತು?" ಎಂದು ಕೆಲಸದವರನ್ನು ಕೇಳಿದರೆ "ಇಪ್ಪತ್ತು ನಿಮಿಷ ಸಾರ್" ಎನ್ನುತ್ತಾರೆ. ಅದು ಸುಳ್ಳಲ್ಲ, ಇಡೀ ಹಿಟ್ಟಿಗೆ ಅಷ್ಟು ಬೇಕು. ಆದರೆ 56 ಉಂಡೆಗಳಲ್ಲಿ ಒಂದೊಂದನ್ನು ಕತ್ತರಿಸಿ, ತೂಗಿ, ಉರುಟು ಮಾಡಲು ಹಿಡಿಯುವುದು 20 ಸೆಕೆಂಡು ಮಾತ್ರ. ಉಳಿದ ಹೊತ್ತೆಲ್ಲ ಆ ಉಂಡೆ ತನ್ನ ಸರದಿ ಕಾಯುತ್ತದೆ, ಇಲ್ಲವೇ ತನ್ನ ಹಿಂದಿನವುಗಳಿಗಾಗಿ ಕಾಯುತ್ತದೆ. ಹಾಗಾಗಿ ಮನುಷ್ಯರ ಬೆನ್ನು ಬಿಟ್ಟು ಒಂದು ಬ್ರೆಡ್ಡಿನ ಬೆನ್ನು ಹತ್ತಬೇಕು. ನಾನು ಒಂದು ಟಿನ್ನಿಗೆ ಸೀಮೆಸುಣ್ಣದ ಗುರುತು ಹಾಕಿ, ಅದರಲ್ಲಿ ಕೂತ ಬ್ರೆಡ್ಡಿನ ಲೆಕ್ಕ ಹಿಡಿದೆ.

ಕಲಸಿ ನಾದಲು 20 ನಿಮಿಷ, ಓವನ್ನಿನಲ್ಲಿ ಬೇಯಲು 35 ನಿಮಿಷ, ಉಳಿದ ಕೈಗೆಲಸವೆಲ್ಲ ಸೇರಿ ಒಂದು ನಿಮಿಷದಷ್ಟು. ಒಟ್ಟು 56 ನಿಮಿಷ. ಹಾಗಾದರೆ ಮಿಕ್ಕ 25 ಗಂಟೆ ದಂಡವೇ? ಕಾರಿನ ಬಿಡಿಭಾಗವಾಗಿದ್ದರೆ ಹೌದೆನ್ನಬಹುದಿತ್ತು. ಕಪಾಟಿನಲ್ಲಿ ಕೂತ ಬೋಲ್ಟು ನಾಳೆಯೂ ಅದೇ ಬೋಲ್ಟು. ನಾನು ಹಿಟ್ಟಿನ ತೊಟ್ಟಿಯ ಮುಂದೆ 'ಕಾಯುವಿಕೆ' ಎಂದು ಬರೆಯುತ್ತಿದ್ದುದನ್ನು ನೋಡಿ ಯಜಮಾನರು ತಡೆದರು. "ಅದು ಸುಮ್ನೆ ಕೂತಿಲ್ಲ ಸ್ವಾಮಿ, ನಮಗಿಂತ ಜಾಸ್ತಿ ಕೆಲಸ ಮಾಡ್ತಿದೆ."

ಅವರ ಮಾತು ಸರಿ. ಹಿಟ್ಟು ಉಬ್ಬಲು 90 ನಿಮಿಷ, ಉಂಡೆ ಸುಧಾರಿಸಿಕೊಳ್ಳಲು 15, ಟಿನ್ನಿನಲ್ಲಿ ಮತ್ತೆ ಉಬ್ಬಲು 60, ಬೆಂದ ಮೇಲೆ ಆರಲು 120. ಇಲ್ಲಿ ಕೈ ಆಡುವುದಿಲ್ಲ, ಯೀಸ್ಟು ಮತ್ತು ಗಾಳಿ ಕೆಲಸ ಮಾಡುತ್ತವೆ. ಆರುವುದನ್ನು ಮೊಟಕು ಮಾಡಿ ಬಿಸಿಯಿದ್ದಾಗಲೇ ಕತ್ತರಿಸಿದರೆ ಅಲಗಿಗೆ ಅಂಟಿ ಒಳಗಿನ ತಿರುಳು ಹರಿಯುತ್ತದೆ. ಬಿಸಿಯಲ್ಲೇ ಕವರಿಗೆ ಹಾಕಿದರೆ ಒಳಗೆ ಬೆವೆತು ಬೇಗ ಬೂಸ್ಟು ಹಿಡಿಯುತ್ತದೆ. ಆದ್ದರಿಂದ ಬೇಕರಿಯ ನಕ್ಷೆಗೆ ಎರಡು ಮೆಟ್ಟಿಲು ಸಾಲದು, ಮೂರು ಬೇಕು: ಕೆಲಸ, ಬೇಕಾದ ಕಾಯುವಿಕೆ, ಬರೀ ಕಾಯುವಿಕೆ. ಈ ನಡುವಿನ ಮೆಟ್ಟಿಲಿಗೆ 4 ಗಂಟೆ 45 ನಿಮಿಷ ಹೋಯಿತು. ಇದನ್ನು ಗಡಿಯಾರಕ್ಕೆ ಕಟ್ಟಿಹಾಕಲೂ ಬರುವುದಿಲ್ಲ. ಮೇ ತಿಂಗಳ ಸೆಕೆಯಲ್ಲಿ ಹಿಟ್ಟು ಬೇಗ ಉಬ್ಬುತ್ತದೆ, ಡಿಸೆಂಬರಿನಲ್ಲಿ ತಡ. ನಿಮಿಷದ ಪಕ್ಕದಲ್ಲಿ 'ಬೆರಳಿನಿಂದ ಒತ್ತಿದ ಗುಳಿ ನಿಧಾನವಾಗಿ ಮೇಲೇಳುವವರೆಗೆ' ಎಂದೂ ಬರೆದಿಡಬೇಕು.

ಇವೆರಡನ್ನೂ ಕಳೆದರೆ 20 ಗಂಟೆಗೂ ಹೆಚ್ಚು ಹೊತ್ತು ಉಳಿಯುತ್ತದೆ. ಅದು ಬರೀ ಕಾಯುವಿಕೆ.

ಅದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಓವನ್ನಿನ ಮುಂದಿನ 40 ನಿಮಿಷ. ನಾದುವ ಯಂತ್ರಕ್ಕೆ ಒಮ್ಮೆಗೆ 15 ಕಿಲೋ ಮೈದಾ ಹಿಡಿಯುತ್ತದೆ, ಅದರಿಂದ 56 ಬ್ರೆಡ್ಡು. ಓವನ್ನಿಗೆ ಹಿಡಿಯುವುದು 28. ಮೊದಲ ಅರ್ಧ ಬೇಯುವಾಗ ಉಳಿದರ್ಧ ಹೊರಗೆ ನಿಂತಿರುತ್ತದೆ. ಆದರೆ ಯೀಸ್ಟಿಗೆ ಓವನ್ನು ಖಾಲಿಯಿಲ್ಲವೆಂದು ಗೊತ್ತಿಲ್ಲವಲ್ಲ! ಅದು ಉಬ್ಬಿಸುತ್ತಲೇ ಹೋಗುತ್ತದೆ. ನನ್ನ ಗುರುತಿನ ಟಿನ್ನು ಎರಡನೆಯ ಸರದಿಗೆ ಬಿದ್ದಿತ್ತು. ಬೆಂದು ಬಂದಾಗ ಅದರ ನೆತ್ತಿ ಕುಸಿದಿತ್ತು, ಬಣ್ಣ ಪೇಲವವಾಗಿತ್ತು, ಮೂಸಿದರೆ ತುಸು ಹುಳಿ ವಾಸನೆ. "ಎರಡನೇ ಟ್ರಿಪ್ಪು ಯಾವಾಗ್ಲೂ ಹೀಗೇ" ಎಂದ ಭಟ್ಟಿಯ ಹುಡುಗ. ಇಷ್ಟು ದಿನ ಮೈದಾದ ಮೇಲೆ ಹಾಕಿದ್ದ ತಪ್ಪು ಸರದಿಯದಾಗಿತ್ತು.

ಪರಿಹಾರ ಸರಳ. 15 ಕಿಲೋ ಒಟ್ಟಿಗೆ ಕಲಸುವ ಬದಲು ಏಳೂವರೆ ಕಿಲೋದಂತೆ ಎರಡು ಸಲ, 40 ನಿಮಿಷದ ಅಂತರದಲ್ಲಿ. ಬೇಯಲು 35 ನಿಮಿಷ, ತೆಗೆದು ತುಂಬಲು 5, ಅದೇ ಈ 40ರ ಲೆಕ್ಕ. ಆಗ ಎರಡನೆಯ ಹಿಟ್ಟು ಹದಕ್ಕೆ ಬರುವುದಕ್ಕೂ ಓವನ್ನು ಖಾಲಿಯಾಗುವುದಕ್ಕೂ ಸರಿಹೋಗುತ್ತದೆ. ಯಂತ್ರವನ್ನು ಎರಡು ಸಲ ತುಂಬುವ, ಎರಡು ಸಲ ತೂಗುವ ರಗಳೆ ಇದ್ದೇ ಇದೆ. ತೀರಾ ಸಣ್ಣ ಹಿಟ್ಟಾದರೆ ಯಂತ್ರದ ಕೊಕ್ಕೆಗೆ ಸಿಗದು ಎಂಬ ಮಿತಿಯೂ ಇದೆ. ಅರ್ಧಕ್ಕೆ ಆ ತೊಂದರೆ ಬರಲಿಲ್ಲ.

ಇನ್ನೊಂದು ಉಳಿತಾಯ ತಾನಾಗಿ ಬಂತು. ಮೊದಲು ಎಲ್ಲ ಉಂಡೆ ಮಾಡಿ ಮುಗಿಸಿ, 15 ನಿಮಿಷ ಬಿಟ್ಟು, ಆಮೇಲೆ ಟಿನ್ನಿಗೆ ಸುರುಳಿ ಸುತ್ತುತ್ತಿದ್ದರು. ಈಗ 28 ಉಂಡೆಗೆ 10 ನಿಮಿಷ. ಕೊನೆಯದು ಮುಗಿಯುವಷ್ಟರಲ್ಲಿ ಮೊದಲನೆಯದು ಸಾಕಷ್ಟು ಸುಧಾರಿಸಿಕೊಂಡಿರುತ್ತದೆ. ಉಂಡೆ ಮಾಡಿದ ಕ್ರಮದಲ್ಲೇ ಸುತ್ತುತ್ತ ಹೋದರೆ ಸಾಲಿನಲ್ಲಿ ಕಾದದ್ದೇ ವಿಶ್ರಾಂತಿಯಾಯಿತು.

ಬ್ರೆಡ್ಡು ಆರಿದ ಮೇಲೂ ಮಧ್ಯಾಹ್ನ 2ರವರೆಗೆ ಕತ್ತರಿಸದೆ ಇಡುತ್ತಿದ್ದರು, ಸ್ಲೈಸ್ ಯಂತ್ರ ನಡೆಸುವವನು ಊಟ ಮುಗಿಸಿ ಬರಲೆಂದು. ಆ ಕೆಲಸ ಬೇರೆಯವನಿಗೂ ಕಲಿಸಿದರು. ಹೀಗೆ 2 ಗಂಟೆ 40 ನಿಮಿಷಕ್ಕೆ ಕವರಾಗುತ್ತಿದ್ದ ಬ್ರೆಡ್ಡು 10 ಮುಕ್ಕಾಲಿಗೇ ತಯಾರಾಯಿತು. ಯಾರೂ ಕೈಯ ವೇಗ ಹೆಚ್ಚಿಸಿರಲಿಲ್ಲ.

ಆದರೆ ತಯಾರಾದದ್ದು ಹೋಗುವುದೆಲ್ಲಿಗೆ? ಅಂಗಡಿಯವರು ಬ್ರೆಡ್ಡು ತೆಗೆದುಕೊಳ್ಳುವುದು ಬೆಳಿಗ್ಗೆ 6ರ ಸ್ಕೂಟರಿನಲ್ಲೇ. ಮೊದಲು ರಾತ್ರಿಯೆಲ್ಲ ಕಾಯುತ್ತಿದ್ದದ್ದು ಈಗ ಹಗಲು ರಾತ್ರಿ ಎರಡೂ ಕಾಯುವಂತಾಯಿತು. ಒಂದು ಕಡೆ ಬೇಗ ಮುಗಿಸಿದರೆ ತ್ರಿಕೋನ ಮುಂದಕ್ಕೆ ಸರಿಯುತ್ತದೆ ಅಷ್ಟೆ, ಮಾಯವಾಗುವುದಿಲ್ಲ. ಹಾಗಾದರೆ 4 ಗಂಟೆಗೆ ಕಲಸುವುದಾದರೂ ಯಾಕೆ ಎಂದು ಕೇಳಿದೆ. ಯಜಮಾನರು ಸ್ವಲ್ಪ ಯೋಚಿಸಿ ಹೇಳಿದರು: ಅವರ ತಂದೆಯ ಕಾಲದಲ್ಲಿ ಸೌದೆ ಭಟ್ಟಿ ಇತ್ತು. ರಾತ್ರಿ ಉರಿ ಹಾಕಿದರೆ ಬೆಳಿಗ್ಗೆ ಕಾವು ಜೋರು, ಆಗ ಬ್ರೆಡ್ಡು. ಕಾವು ಇಳಿಯುತ್ತ ಬಂದಂತೆ ಬನ್ನು, ಬಿಸ್ಕತ್ತು, ಕೊನೆಗೆ ರಸ್ಕು. ಭಟ್ಟಿ ಹೋಗಿ ಕರೆಂಟಿನ ಓವನ್ನು ಬಂದರೂ ಕಲಸುವ ಹೊತ್ತು ಹಾಗೇ ಉಳಿದಿತ್ತು.

ಈಗ ಅಲ್ಲಿ ಬೆಳಿಗ್ಗೆ ಬಿಸ್ಕತ್ತು, ಮಧ್ಯಾಹ್ನ 12ಕ್ಕೆ ಬ್ರೆಡ್ಡಿನ ಮೊದಲ ಹಿಟ್ಟು. ಎರಡನೆಯ ಹಿಟ್ಟಿನ ಬ್ರೆಡ್ಡಿಗೆ ಕಲಸಿದಲ್ಲಿಂದ ಸ್ಕೂಟರು ಹತ್ತುವವರೆಗೆ 17 ಗಂಟೆ 20 ನಿಮಿಷ. ಅದರಲ್ಲಿ ಸಂಜೆ 6 ಮುಕ್ಕಾಲರಿಂದ ಬೆಳಿಗ್ಗೆ 6ರವರೆಗಿನ ಹನ್ನೊಂದು ಕಾಲು ಗಂಟೆ ಇನ್ನೂ ಬರೀ ಕಾಯುವಿಕೆಯೇ. ರಾತ್ರಿ ಹನ್ನೊಂದರ ಸುಮಾರಿಗೆ ಕಲಸಲು ಶುರು ಮಾಡಿದರೆ ಅದೂ ಹೋಗುತ್ತದೆ ಎಂದು ಲೆಕ್ಕ ತೋರಿಸಿದೆ. ಯಜಮಾನರು ಹುಡುಗರ ಕಡೆ ನೋಡಿದರು, ಹುಡುಗರು ನನ್ನ ಕಡೆ ನೋಡಿದರು. ನಾನು ಪೆನ್ಸಿಲ್ಲು ಜೇಬಿಗೆ ಹಾಕಿಕೊಂಡೆ.